ಹದಿಮೂರನೇ ವೆಲ್ಡ್: ಐಸೋಮೆಟ್ರಿಕ್ ತೆಗೆಯುವಾಗ ನಾನು ಕಲಿತದ್ದು

ಸೈಟಿನಿಂದ ಫೋನ್ ಬಂದಾಗ ಬೈಕಂಪಾಡಿಯಲ್ಲಿ ಜೋರು ಮಳೆ. ನಮ್ಮ ಫಿಟ್ಟರ್ ಅಣ್ಣ ಕೇಳಿದರು: "ಎಂಥ ಮಾರ್ರೆ ಇದು, ಪೈಪಿನ ತುದಿಯಲ್ಲಿ ಫೀಲ್ಡ್ ವೆಲ್ಡ್ 13 ಅಂತ ಬರೆದಿದೆ. ನೀವು ಕಳಿಸಿದ ಡ್ರಾಯಿಂಗಲ್ಲಿ 13 ಶಾಪ್‌ನಲ್ಲೇ ಆಗಿಹೋದ ವೆಲ್ಡ್. ನಾನು ಹೊಡೆಯುವುದು ಯಾವುದನ್ನು?"

ಡ್ರಾಯಿಂಗ್ ತೆಗೆದವನು ನಾನೇ. ಮಾಡೆಲ್‌ನಲ್ಲಿ ತಪ್ಪಿರಲಿಲ್ಲ, ಅಳತೆಯೂ ಸರಿ ಇತ್ತು. ನಂಬರ್ ಮಾತ್ರ ಕದಲಿತ್ತು.

ಅದು ನಾಲ್ಕಿಂಚಿನ ನೀರಿನ ಲೈನ್. ಒಂದು ತುದಿ ಪಂಪಿಗೆ, ಇನ್ನೊಂದು ತುದಿ ವೆಸೆಲ್‌ಗೆ, ನಡುವೆ ಒಂದು ಫ್ಲಾಂಜ್ ವಾಲ್ವ್. ನಾವು ಮಾಡೆಲ್ ಮಾಡುವುದು ಆಟೋಕ್ಯಾಡ್ ಪ್ಲಾಂಟ್ 3ಡಿಯಲ್ಲಿ. ಐಸೋಮೆಟ್ರಿಕ್ ಎಂದರೆ ಒಂದು ಲೈನಿನ ಪೈಪು, ವೆಲ್ಡ್, ಅಳತೆ ಎಲ್ಲ ತೋರಿಸುವ ಡ್ರಾಯಿಂಗ್. ಅದನ್ನು ತೆಗೆಯುವ ಕೆಲಸವನ್ನು ಪ್ಲಾಂಟ್ 3ಡಿಯೊಳಗಿನ ಐಸೋಜೆನ್ ಮಾಡುತ್ತದೆ. ಲೈನಿನ ವಿವರವೆಲ್ಲ ಪಿಸಿಎಫ್ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಅದಕ್ಕೆ ಹೋಗುತ್ತದೆ. ಲೈನ್ ಎಲ್ಲಿ ತುಂಡಾಗಬೇಕು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು. ಶಾಪ್‌ನಲ್ಲಿ ವೆಲ್ಡ್ ಮಾಡಿ ಸೈಟಿಗೆ ಕಳಿಸುವ ಒಂದೊಂದು ತುಂಡೂ ಒಂದು ಸ್ಪೂಲ್. ಫ್ಲಾಂಜ್ ಜೋಡಣೆ ಬಂದಲ್ಲಿ, ಸೈಟಿನಲ್ಲೇ ಹೊಡೆಯುವ ಫೀಲ್ಡ್ ವೆಲ್ಡ್ ಬಂದಲ್ಲಿ ಸ್ಪೂಲ್ ಮುಗಿಯುತ್ತದೆ. ಹಾಗಾಗಿ ನಮ್ಮ ಲಾರಿಯಲ್ಲಿ ಹಿಡಿಸುವಷ್ಟು ಉದ್ದ ನೋಡಿ, ವೆಲ್ಡರ್ ಕೈ ಸುತ್ತಲೂ ಆಡುವ ಜಾಗ ನೋಡಿ, ಎರಡು ಕಡೆ ಫೀಲ್ಡ್ ವೆಲ್ಡ್ ಹಾಕಿದೆ. ನಾಲ್ಕು ಸ್ಪೂಲ್, 16 ವೆಲ್ಡ್. ಅದರಲ್ಲಿ 6 ಮತ್ತು 13 ಫೀಲ್ಡ್, ಉಳಿದದ್ದು ಶಾಪ್.

ಮೊದಲ ಸಲ ಎಲ್ಲ ಸರಿಯಾಗಿಯೇ ಬಂತು. ನಂಬರು, ಸ್ಪೂಲ್ ಹೆಸರು, ಕಟ್ ಪೀಸ್ ಪಟ್ಟಿ, ಎಲ್ಲವೂ. ಶಾಪ್‌ನಲ್ಲಿ ಮೂರನೇ ಮತ್ತು ನಾಲ್ಕನೇ ಸ್ಪೂಲ್ ಮೊದಲು ತಯಾರಾದವು. ವೆಲ್ಡ್ 11ಕ್ಕೆ ರೇಡಿಯೋಗ್ರಫಿಯೂ ಆಯಿತು, ಫಿಲ್ಮ್ ಮೇಲೂ 11 ಅಂತಲೇ ಇತ್ತು.

ಆಮೇಲೆ ಗಿರಾಕಿ ಕಡೆಯಿಂದ ಬದಲಾವಣೆ ಬಂತು. ಮುಂದೆ ಬೇಕಾಗಬಹುದು ಎಂದು ಮೊದಲನೇ ಸ್ಪೂಲಿನಲ್ಲಿ ಒಂದು ಟೀ ಹಾಕಿ, ಅದರ ಬಾಯಿಗೆ ಫ್ಲಾಂಜ್ ಕೂರಿಸಿ ಬ್ಲೈಂಡ್ ಮುಚ್ಚಿ ಎಂದರು. ಮೂರನೇ ಮತ್ತು ನಾಲ್ಕನೇ ವೆಲ್ಡ್ ನಡುವಿನ ಪೈಪಿನಲ್ಲಿ ಟೀ ಸೇರಿಸಿದೆ. ಮತ್ತೆ ಐಸೋ ತೆಗೆದು ಕಳಿಸಿಬಿಟ್ಟೆ.

ನಂಬರ್ ಮಾಡೆಲ್‌ನಲ್ಲಿ ಇರುವುದಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಐಸೋಜೆನ್ ಪ್ರತಿ ಸಲವೂ ಲೈನನ್ನು ಒಂದು ತುದಿಯಿಂದ ಹೊಸದಾಗಿ ಎಣಿಸುತ್ತದೆ. ಟೀಯ ಎರಡು ಮಗ್ಗುಲಿನ ವೆಲ್ಡ್‌ಗಳು 4, 5 ಆದವು. ಹಳೆಯ 4ರಿಂದ 16ರವರೆಗೆ ಎಲ್ಲವೂ ಎರಡೆರಡು ಮುಂದೆ ಸರಿದವು. ಟೀ ಬಾಯಿಯ ವೆಲ್ಡ್ ಕೊನೆಯಲ್ಲಿ 19 ಆಯಿತು. ಹಳೆಯ 13 ಈಗ 15. ಹೊಸ 13 ಎಂದರೆ ಮುಗಿದುಹೋದ ಹಳೆಯ 11.

ಫಿಟ್ಟರ್ ಅಣ್ಣನ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದಿತ್ತು. ನನಗೆ ನಿಜವಾಗಿ ಹೆದರಿಕೆ ಆದದ್ದು ವೆಲ್ಡ್‌ಗಳ ರಿಜಿಸ್ಟರ್ ತೆರೆದಾಗ. ಅದರಲ್ಲಿ 11ಕ್ಕೆ ಫಿಲ್ಮ್ ಓಕೆ ಎಂದಿತ್ತು. ಹೊಸ ಡ್ರಾಯಿಂಗಿನಲ್ಲಿ 11 ಎಂದರೆ ಎರಡನೇ ಸ್ಪೂಲಿನ ಫ್ಲಾಂಜ್ ವೆಲ್ಡ್. ಅದನ್ನು ಯಾರೂ ಇನ್ನೂ ಹೊಡೆದೇ ಇರಲಿಲ್ಲ! ಪೈಪಿಂಗ್ ಕೋಡ್ ಎಎಸ್ಎಂಇ ಬಿ31.3 ಪ್ರಕಾರ ಸಾಮಾನ್ಯ ಸೇವೆಯ ಲೈನಿಗೆ ಬಟ್ ವೆಲ್ಡ್‌ಗಳಲ್ಲಿ ಕನಿಷ್ಠ 5% ಪರೀಕ್ಷೆ ಆಗಬೇಕು. ಒಂದು ಫೇಲ್ ಆದರೆ ಅದೇ ವೆಲ್ಡರ್‌ನ ಇನ್ನೆರಡನ್ನು ನೋಡಬೇಕು. ಯಾವ ವೆಲ್ಡ್ ಯಾರದ್ದು ಎಂಬುದೇ ಅದಲುಬದಲಾದರೆ ಆ ಲೆಕ್ಕ ನಿಲ್ಲುವುದಾದರೂ ಹೇಗೆ ಅಲ್ವಾ?

ಆವತ್ತು ರಾತ್ರಿ ಕೂತು ಎರಡೂ ಪಿಸಿಎಫ್ ತೆರೆದೆ. ಒಂದೊಂದು ವೆಲ್ಡ್ ಹೀಗಿರುತ್ತದೆ:

```
WELD
    END-POINT 12450.0 8200.0 3650.0 100
    END-POINT 12450.0 8200.0 3650.0 100
    SKEY WS
```

ಮೊದಲ ಮೂರು ಅಂಕೆ ಜಾಗ, ಕೊನೆಯದು ಪೈಪಿನ ಸೈಜು. `WS` ಎಂದರೆ ಸೈಟ್ ವೆಲ್ಡ್, ಶಾಪ್ ವೆಲ್ಡ್ ಆದರೆ `WW`. ಇದರ ಜೊತೆ `UCI` ಎಂಬ ಸಾಲಿನಲ್ಲಿ ಆ ವಸ್ತುವಿನ ಸ್ವಂತ ಗುರುತು ಬರುತ್ತದೆ. ವೆಲ್ಡ್ ಗುರುತಿಸಲು ಇಷ್ಟು ಸಾಕು.

ಅಲ್ಲಿಂದ ಕ್ರಮ ಬದಲಾಯಿಸಿದೆ. ಮೊದಲ ಇಶ್ಯೂನಲ್ಲಿ ಮಾತ್ರ ಐಸೋಜೆನ್ ನಂಬರ್ ಕೊಡಲಿ. ಡ್ರಾಯಿಂಗ್ ಶಾಪ್‌ಗೆ ಹೋದ ದಿನವೇ ಆ ನಂಬರುಗಳನ್ನು ವೆಲ್ಡ್ ಪಟ್ಟಿಯಿಂದ ತೆಗೆದು ಜಾಗ ಮತ್ತು ಗುರುತಿನ ಜೊತೆ ರಿಜಿಸ್ಟರ್‌ಗೆ ಸೇರಿಸುತ್ತೇನೆ, ಮಾಡೆಲ್‌ನ ವೆಲ್ಡ್ ಮೇಲೂ ಬರೆಯುತ್ತೇನೆ. ಮುಂದಿನ ರಿವಿಷನ್‌ಗೆ ಐಸೋ ಸ್ಟೈಲ್‌ನಲ್ಲಿ ತಾನಾಗಿ ಎಣಿಸುವುದನ್ನು ನಿಲ್ಲಿಸಿ, ಮಾಡೆಲ್ ಕೊಟ್ಟ ನಂಬರನ್ನೇ ತೋರಿಸು ಎನ್ನುತ್ತೇನೆ.

ಪ್ರತಿ ರಿವಿಷನ್‌ಗೂ ಹೊಸ ಪಿಸಿಎಫ್ ಅನ್ನು ರಿಜಿಸ್ಟರ್ ಜೊತೆ ಹೋಲಿಸುತ್ತೇನೆ. ಗುರುತು ಸಿಕ್ಕಿದರೆ ಹಳೆಯ ನಂಬರ್. ಸಿಗದಿದ್ದರೆ ಜಾಗ ನೋಡುತ್ತೇನೆ: ಅದೇ ಸೈಜು, 5 ಮಿ.ಮೀ. ಒಳಗೆ ಇದ್ದರೆ ಅದೇ ವೆಲ್ಡ್. ಎರಡು ದಾರಿ ಯಾಕೆ ಬೇಕು ಅಂದರೆ, ಮಾಡೆಲ್ ಮಾಡುವವರು ಒಂದು ಪೈಪನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಎಳೆದರೆ ಗುರುತು ಬದಲಾಗಿಬಿಡುತ್ತದೆ. ಕಣ್ಣಿಗೆ ಮಾತ್ರ ಏನೂ ಆಗಿಲ್ಲ ಅನ್ನಿಸುತ್ತದೆ. ಹೊಸ ವೆಲ್ಡ್‌ಗೆ ಅತಿ ದೊಡ್ಡ ನಂಬರಿನ ಮುಂದಿನದು. ತೆಗೆದುಹಾಕಿದ ವೆಲ್ಡ್‌ನ ನಂಬರ್ ರದ್ದು, ಮತ್ತೆ ಯಾರಿಗೂ ಇಲ್ಲ.

ಟೀ ಬಂದ ಲೈನನ್ನು ಹೀಗೆ ಮತ್ತೆ ತೆಗೆದಾಗ 16 ಹಳೆಯವು ತಮ್ಮ ಜಾಗದಲ್ಲೇ ಇದ್ದವು. ಟೀಯ ಮೂರು ವೆಲ್ಡ್ 17, 18, 19 ಆದವು. ಮೂರರ ಪಕ್ಕ ಹದಿನೇಳು ನೋಡಿ ಗುಣಮಟ್ಟ ನೋಡುವ ಕ್ಯೂಸಿಯವರು "3ಎ, 3ಬಿ ಅಂತ ಕೊಡಬಹುದಿತ್ತಲ್ಲ ಸಾರ್" ಅಂದರು. ನಾನು ಒಪ್ಪಲಿಲ್ಲ. ರಿಪೇರಿ ಆದ ವೆಲ್ಡ್‌ಗೆ ಆರ್1, ಕತ್ತರಿಸಿ ಮತ್ತೆ ಹೊಡೆದದ್ದಕ್ಕೆ ಸಿ1 ಎಂದು ನಾವು ಈಗಾಗಲೇ ಅಕ್ಷರ ಬಳಸುತ್ತೇವೆ. ಇನ್ನೊಂದು ಅಕ್ಷರ ಸೇರಿದರೆ ಮಸಿ ಮೆತ್ತಿದ ಕಾಗದದಲ್ಲಿ ಓದುವವನಿಗೆ ಕಷ್ಟ. ನಂಬರ್ ಇರುವುದು ಹೆಸರಾಗಿ. ಸಾಲಿನಲ್ಲಿ ಇರಲೇಬೇಕು ಎಂದೇನಿಲ್ಲ.

ಸ್ಪೂಲ್ ಹೆಸರಿಗೂ ಇದೇ ನಿಯಮ. ನಡುವೆ ಒಂದು ಫೀಲ್ಡ್ ವೆಲ್ಡ್ ಹೆಚ್ಚಾದರೆ ಮುಂದಿನ ಸ್ಪೂಲ್‌ಗಳ ಹೆಸರೆಲ್ಲ ಜಾರುತ್ತದೆ. ನಮ್ಮಲ್ಲಿ ಮಾರ್ಕರ್‌ನಲ್ಲಿ ಬರೆದದ್ದು ಬ್ಲಾಸ್ಟಿಂಗ್ ಆದಾಗ ಹೋಗುತ್ತದೆ, ಉಳಿದದ್ದು ಮಳೆಗೆ ಹೋಗುತ್ತದೆ. ಅದಕ್ಕೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಲೈನ್ ನಂಬರ್, ಸ್ಪೂಲ್ ನಂಬರ್ ಪಂಚ್ ಮಾಡಿ ತಂತಿಯಲ್ಲಿ ಕಟ್ಟುತ್ತೇವೆ. ಪೇಂಟ್ ಮಾಡುವಾಗ ಬಿಚ್ಚಿ, ಆದ ಕೂಡಲೇ ಅದೇ ಸ್ಪೂಲಿಗೆ ಮತ್ತೆ ಕಟ್ಟಬೇಕು. ಪಂಚ್ ಆದ ಹೆಸರನ್ನು ಕಂಪ್ಯೂಟರ್ ಬದಲಾಯಿಸುವ ಹಾಗಿಲ್ಲ.

ಎರಡನೇ ರಿವಿಷನ್‌ನಲ್ಲಿ ವೆಸೆಲ್ ನಾಝಲ್ 40 ಮಿ.ಮೀ. ದೂರ ಸರಿಯಿತು. ನಾಲ್ಕನೇ ಸ್ಪೂಲ್ ಪೂರ್ತಿ ಅಷ್ಟೇ ಸರಿಯಿತು. ಜಾಗ ನೋಡಿದರೆ 13ರಿಂದ 16ರವರೆಗೆ ನಾಲ್ಕೂ ಹೊಸ ವೆಲ್ಡ್ ಎಂದೇ ಕಾಣುತ್ತಿತ್ತು. ಆದರೆ ಗುರುತು ಹಳೆಯದೇ ಇತ್ತು, ಹಾಗಾಗಿ ನಂಬರ್ ಉಳಿಯಿತು. 5 ಮಿ.ಮೀ. ದಾಟಿ ಸರಿದ ವೆಲ್ಡ್‌ಗಳನ್ನು ಕೆಂಪು ಮಾಡಿ ತೋರಿಸುವಂತೆ ಇಟ್ಟಿದ್ದೆ. ನಾಲ್ಕು ಕೆಂಪು ಸಾಲು ಕಂಡ ತಕ್ಷಣ ಫಿಟ್ಟರ್ ಅಣ್ಣನಿಗೆ ಫೋನ್ ಮಾಡಿದೆ. 13ರ ಹತ್ತಿರ ಮೂರನೇ ಸ್ಪೂಲಿನ ತುದಿಯಲ್ಲಿ ಸೈಟಿನಲ್ಲಿ ಹೊಂದಿಸಲೆಂದು 100 ಮಿ.ಮೀ. ಜಾಸ್ತಿ ಪೈಪ್ ಬಿಟ್ಟಿದ್ದೆವು. ಅವರು ಅದನ್ನು ಇನ್ನೂ ಕತ್ತರಿಸಿರಲಿಲ್ಲ. ಪೂರ್ತಿ ನೂರರ ಬದಲು 60 ಕತ್ತರಿಸಿದರು. ಹದಿಮೂರು ಕೂತಿತು.