ಬೀಳ್ಕೊಡುಗೆಯ ದೃಶ್ಯದಲ್ಲಿ ಅಳುವನ್ನು ಹತೋಟಿಗೆ ತಂದ ಬಗೆ

ರೈಲಿನ ಕಿಟಕಿಯ ಹೊರಗೆ ನಿಂತ ತಾಯಿ ಮಗಳನ್ನು ಬೀಳ್ಕೊಡುವ ಆರು ಸೆಕೆಂಡಿನ 3ಡಿ ಅನಿಮೇಷನ್ ಶಾಟ್‌ನಲ್ಲಿ, ಭುಜ ಕುಲುಕಿದಷ್ಟೂ, ಕೈ ಮುಖಕ್ಕೆ ಹೋದಷ್ಟೂ ದುಃಖವು ನಾಟಕೀಯವಾಗಿ ಕಾಣುತ್ತಿತ್ತು. ಅಳುವನ್ನು ತಡೆಯುವ ಪ್ರಯತ್ನವೇ ಇಲ್ಲಿನ ಅಭಿನಯವೆಂದು ತೀರ್ಮಾನಿಸಿ, ಭುಜದ ಚಲನೆಯನ್ನು ಗುರುತಿಸುವ ಕೀಗಳನ್ನು ತೆಗೆದುಹಾಕಿ, ಕಿಟಕಿಯ ಸರಳನ್ನು ಹಿಡಿದ ಒಂದೇ ಭಂಗಿಯನ್ನು ಉಳಿಸಿಕೊಂಡೆ.

ಆದರೆ 3ಡಿಯಲ್ಲಿ ಭಂಗಿಯು ಪೂರ್ತಿ ಸ್ಥಿರವಾದರೆ ಪಾತ್ರ ನಿರ್ಜೀವವಾಗುತ್ತದೆ. ಕೈಯಿಂದ ಬಿಡಿಸಿದ ಅನಿಮೇಷನ್‌ನಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಆದ್ದರಿಂದ ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ, ಎರಡು ಸೆಕೆಂಡುಗಳ ಉದ್ದಕ್ಕೂ ತಲೆಯನ್ನು ಒಂದೆರಡು ಡಿಗ್ರಿಯಷ್ಟೇ ಬಾಗಿಸಿ, ಎದೆಗೆ ಒಂದು ನಿಧಾನವಾದ ಉಸಿರನ್ನು ಕೊಟ್ಟೆ.

ಕಣ್ಣೀರಿಗೆ ಮುನ್ನ ಕೆಳರೆಪ್ಪೆ ಬಿಗಿಯಾಗುತ್ತದೆ, ತುಟಿಗಳು ಒತ್ತಿಕೊಳ್ಳುತ್ತವೆ, ಆಕೆ ಒಮ್ಮೆ ಉಗುಳು ನುಂಗುತ್ತಾಳೆ. ಅನಂತರದ 12 ಫ್ರೇಮ್‌ಗಳಲ್ಲಿ ಉಸಿರಿನ ಹೊರತು ಬೇರೇನೂ ನಡೆಯುವುದಿಲ್ಲ, ಮತ್ತು ಈ ಬಿಡುವೇ ಶಾಟ್‌ನ ಜೀವಾಳ. ಬಳಿಕ ರೆಪ್ಪೆಯು 3 ಫ್ರೇಮ್‌ಗಳಲ್ಲಿ ಮುಚ್ಚಿ, 6 ಫ್ರೇಮ್‌ಗಳಲ್ಲಿ ಭಾರವಾಗಿ ತೆರೆದಾಗ ಹನಿ ಜಾರುತ್ತದೆ.

ತುಟಿಯ ನಡುಕಕ್ಕೆ ಸಮಾನ ಅಂತರದಲ್ಲಿ ಕೀ ಇಟ್ಟಾಗ ಆಕೆ ಚಳಿಗೆ ನಡುಗುತ್ತಿರುವಂತೆ ಕಂಡಳು. 2, 5, 3 ಫ್ರೇಮ್‌ಗಳ ಅಸಮ ಅಂತರವಿಟ್ಟು, ಒಂದು ಬದಿಯ ತುಟಿಯಂಚನ್ನು ಮಾತ್ರ ಅಲುಗಿಸಿದ ಮೇಲೆ ಅದು ಸರಿಹೋಯಿತು.