ನಗದು ಜಮೆ ಬಗ್ಗೆ ಸಾಲದವರು ಕೇಳಿದಾಗ ನಾನು ಕೊಟ್ಟ ಉತ್ತರ

ನನ್ನ ದಿನಸಿ ಅಂಗಡಿಗಾಗಿ ಸಾಲ ಕೇಳಿದ್ದೆ. ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಸಾಲ ಕೊಡುವವರಿಂದ ಎರಡು ಪ್ರಶ್ನೆ ಬಂತು: ಪ್ರತಿ ಸೋಮವಾರ 49,000 ರೂಪಾಯಿ ಆಸುಪಾಸಿನ ನಗದು ಜಮೆ ಯಾಕೆ? ಒಂದೇ ಖಾತೆಗೆ ಪದೇಪದೇ 1,00,000 ಯಾಕೆ ಹೋಗಿದೆ?

ಮೊದಲು "ವ್ಯಾಪಾರದ ದುಡ್ಡು ಸಾರ್" ಅಂತ ಒಂದೇ ಸಾಲು ಬರೆದೆ. ಫೈಲು ವಾಪಸ್ ಬಂತು. ಒಂದೇ ದಿನ 50,000 ದಾಟಿದ ನಗದು ಜಮೆಗೆ ಆಗ ಪ್ಯಾನ್ ಬೇಕಿತ್ತು. ಅದನ್ನು ತಪ್ಪಿಸಲು ಒಡೆದು ಕಟ್ಟುತ್ತಿದ್ದಾನೆ ಅನ್ನೋದು ಅವರ ಅನುಮಾನ.

ನಿಜ ಬೇರೆ. ನಮ್ಮ ಜಮೆ ಯಂತ್ರ ಒಂದು ಸಲಕ್ಕೆ 49,900ಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಶನಿವಾರ, ಭಾನುವಾರದ ಗಲ್ಲಾ ಸೋಮವಾರ ಕಟ್ಟುತ್ತೇನೆ, ಮಿಕ್ಕಿದ್ದರಲ್ಲಿ ತರಕಾರಿಯವರಿಗೆ ನಗದು ಕೊಡುತ್ತೇನೆ. ಖಾತೆಗೆ ಪ್ಯಾನ್ ಮೊದಲೇ ಜೋಡಿಸಿದೆ. ಅಂದರೆ ಬಚ್ಚಿಡುವಂಥದ್ದೇನೂ ಇರಲಿಲ್ಲ, ಅಲ್ವಾ?

ಎರಡನೇ ಉತ್ತರದಲ್ಲಿ ಪ್ರತಿ ಜಮೆಯ ಎದುರು ಆ ಎರಡು ದಿನದ ಮಾರಾಟ, ಕೈಯಲ್ಲಿ ಉಳಿದ ನಗದು ಬರೆದೆ. ದಿನವಹಿ ಪುಸ್ತಕದ ಪುಟಗಳನ್ನೂ ಲಗತ್ತಿಸಿದೆ. 1,00,000 ಹೋಗಿದ್ದು ಸಗಟು ವ್ಯಾಪಾರಿಗೆ. ಒಂದು ಸಲದ ಲೆಕ್ಕ ಬಿಡಿಸಿ ತೋರಿಸಿದೆ: 38,460, 41,275, 19,840ರ ಮೂರು ಬಿಲ್ಲು, ಒಟ್ಟು 99,575. ಉಳಿದ 425 ಮುಂದಿನ ಬಿಲ್ಲಿಗೆ ಜಮಾ. ಆ ವ್ಯಾಪಾರಿಯ ಲೆಡ್ಜರ್ ಪ್ರತಿಯಲ್ಲೂ ಅದೇ 425 ಇತ್ತು.

ಭಾವ ಖಾತೆಗೆ ಹಾಕಿದ್ದ 50,000 ಕೈಸಾಲ. ಅದನ್ನು ಮಾರಾಟಕ್ಕೆ ಸೇರಿಸದೆ ಸಾಲ ಅಂತಲೇ ಬರೆದೆ. ಅದರಿಂದ ನನ್ನ ಆದಾಯದ ಲೆಕ್ಕ ಸ್ವಲ್ಪ ಇಳಿಯಿತು. ಸಾಲವೂ ಕೇಳಿದ್ದಕ್ಕಿಂತ ಕಡಿಮೆ ಮಂಜೂರಾಯಿತು.

ಈಗ ಸಗಟು ವ್ಯಾಪಾರಿಗೆ ಬಿಲ್ಲಿನ ಮೊತ್ತವನ್ನೇ ಕಳಿಸುತ್ತೇನೆ, ಪೈಸೆ ಸಮೇತ.