ಬಡ್ತಿ ಸೋಮವಾರ, ಉಡುಗೊರೆ ಗುರುವಾರ ಆಗದಿರಲಿ

ಬಡ್ತಿ ಸಿಕ್ಕ ಗೆಳೆಯರಿಗೆ ಆನ್‌ಲೈನ್‌ನಲ್ಲಿ ಉಡುಗೊರೆ ಕಳಿಸಲು ಹೊರಟವರು ಹೆಚ್ಚಾಗಿ ವಸ್ತುವಿನಿಂದ ಶುರು ಮಾಡುತ್ತಾರೆ. ಗಂಟೆಗಟ್ಟಲೆ ಸ್ಕ್ರೋಲ್ ಮಾಡಿ ಒಂದನ್ನು ಮೆಚ್ಚಿ, ಕಾರ್ಟಿಗೆ ಹಾಕಿ, ವಿಳಾಸ ತುಂಬಿದ ಮೇಲೆ ‘ಗುರುವಾರ ತಲುಪಲಿದೆ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಬೇಕಿದ್ದದ್ದು ಸೋಮವಾರ. ಆಗ ಗಡಿಬಿಡಿಯಲ್ಲಿ ಯಾವುದೋ ಮಗ್ಗು ಹೊರಡುತ್ತದೆ. ಈ ಕ್ರಮವನ್ನೇ ತಿರುಗಿಸಬೇಕು: ಮೊದಲು ದಿನ, ಆಮೇಲೆ ಜಾಗ, ಕೊನೆಗೆ ವಸ್ತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಗೆಳತಿಗೆ ತಂಡದ ಮುಖ್ಯಸ್ಥೆಯಾಗಿ ಬಡ್ತಿ ಸಿಕ್ಕಿದೆ. ಬರುವ ಸೋಮವಾರದಿಂದ ಹೊಸ ಜವಾಬ್ದಾರಿ. ಅವರಿರುವುದು ಬೇರೆ ಊರಿನಲ್ಲಿ. ನಿಮಗೆ ಸುದ್ದಿ ತಿಳಿದದ್ದು ಮಂಗಳವಾರ.

1. ದಿನ ಗೊತ್ತುಮಾಡಿ

ಬಡ್ತಿಗೆ ಒಂದಲ್ಲ, ಮೂರು ದಿನಗಳಿರುತ್ತವೆ: ಮೇಲಧಿಕಾರಿ ಕರೆದು ಹೇಳಿದ ದಿನ, ಎಲ್ಲರಿಗೂ ಮೇಲ್ ಹೋದ ದಿನ, ಹೊಸ ಹುದ್ದೆಯಲ್ಲಿ ಕೂರುವ ದಿನ. ಗೆಳತಿ ಮೊದಲನೆಯ ದಿನವೇ ನಿಮಗೆ ಹೇಳಿರಬಹುದು. ಆದರೆ ಆಫೀಸಿನಲ್ಲಿ ಪ್ರಕಟವಾಗುವ ಮೊದಲೇ ಅಲ್ಲಿಗೆ ‘ಅಭಿನಂದನೆ’ ಎಂದು ಬರೆದ ಡಬ್ಬ ಹೋದರೆ ಅವರಿಗೆ ಮುಜುಗರ. ಮೂರನೆಯ ದಿನವನ್ನೇ ಹಿಡಿಯಿರಿ. ‘ಯಾವತ್ತಿಂದ ಹೊಸ ಕೆಲಸ?’ ಎಂದು ಕೇಳಿದರೆ ಗುಟ್ಟೇನೂ ಬಿಟ್ಟುಕೊಟ್ಟಂತಾಗುವುದಿಲ್ಲ.

2. ಮನೆಯೋ ಆಫೀಸೋ?

ಮನೆ. ಆಫೀಸಿಗೆ ಕಳಿಸಿದರೆ ಚೆನ್ನ ಎನಿಸುತ್ತದೆ, ಆದರೆ ಪಾರ್ಸೆಲ್ಲು ಗೇಟಿನ ಸೆಕ್ಯುರಿಟಿ ಹತ್ತಿರವೋ ಅಂಚೆ ವಿಭಾಗದಲ್ಲೋ ಕೂತುಬಿಡುತ್ತದೆ. ಗೆಳತಿ ಅವತ್ತು ಮನೆಯಿಂದ ಕೆಲಸ ಮಾಡುತ್ತಿದ್ದರೆ ಕಥೆ ಮುಗಿಯಿತು. ಸಿಕ್ಕರೂ, ಹೊಸದಾಗಿ ತನ್ನ ಕೈಕೆಳಗೆ ಬಂದವರ ಎದುರು ಉಡುಗೊರೆ ಬಿಚ್ಚುವುದು ಎಲ್ಲರಿಗೂ ಹಿತವಲ್ಲ. ಇನ್ನೊಂದು ಮಾತು: ಅವರ ಸಂಸ್ಥೆಯ ಜೊತೆ ನಿಮಗೆ ವ್ಯವಹಾರವಿದ್ದರೆ ಉಡುಗೊರೆಯ ನಿಯಮ ಅಡ್ಡ ಬರಬಹುದು. ಮನೆಗೆ ಕಳಿಸಿದ ಮಾತ್ರಕ್ಕೆ ಆ ನಿಯಮ ತಪ್ಪುವುದಿಲ್ಲ. ಅಂಥ ಸಂದರ್ಭದಲ್ಲಿ ಒಂದು ಶುಭಾಶಯ ಪತ್ರ ಸಾಕು.

3. ವಸ್ತು ಆರಿಸುವುದು

ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಬಡ್ತಿಯಿಂದ ಅವರ ದಿನಚರಿಯಲ್ಲಿ ಏನು ಬದಲಾಗುತ್ತದೆ? ಈ ವಸ್ತು ದಾರಿಯಲ್ಲಿ ತಡವಾಗುವಂಥದ್ದೇ?

ತಂಡದ ಮುಖ್ಯಸ್ಥರಾದವರು ಮೊದಲ ವಾರಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ, ಯಾರು ಏನು ಹೇಳಿದರು ಎಂದು ಬರೆದಿಟ್ಟುಕೊಳ್ಳುತ್ತಾರೆ. ಎದುರಿಗಿದ್ದವರು ಮಾತಾಡುತ್ತಿರುವಾಗ ಲ್ಯಾಪ್‌ಟಾಪ್ ಕುಟ್ಟುವುದು ಚೆನ್ನಾಗಿ ಕಾಣದು. ಹಾಗಾಗಿ ಒಳ್ಳೆಯ ನೋಟ್‌ಬುಕ್ ಮತ್ತು ಪೆನ್ನು ಇಲ್ಲಿ ಸರಿಯಾದ ಆಯ್ಕೆ. ಬಡ್ತಿಯಿಂದ ಓಡಾಟ ಹೆಚ್ಚುವುದಾದರೆ ಚಾರ್ಜರ್, ವೈರ್ ಜೋಡಿಸಿಡುವ ಚೀಲ ಒಳ್ಳೆಯದು.

ನೋಟ್‌ಬುಕ್ಕಿನ ವಿವರದಲ್ಲಿ ಮೂರು ಸಂಗತಿ ನೋಡಿ. ಅಳತೆ ಎ5 ಇರಲಿ, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರ; ಕೈಚೀಲಕ್ಕೂ ಹೋಗುತ್ತದೆ, ಬರೆಯಲೂ ಜಾಗವಿರುತ್ತದೆ. ಕಾಗದ 90ರಿಂದ 100 ಜಿಎಸ್‌ಎಂ ಇರಲಿ, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗಲಿ. 70ರ ಆಸುಪಾಸಿನ ಕಾಗದದಲ್ಲಿ ನೀರಿನಂಥ ಶಾಯಿ ಹಿಂಬದಿಗೆ ಇಳಿಯುವ ಸಂಭವ ಹೆಚ್ಚು. ಹೊಲಿಗೆ ಹಾಕಿದ ಬೈಂಡಿಂಗ್ ಇರಲಿ. ಬರೀ ಗೋಂದಿನದಾದರೆ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ, ಒಂದು ಕೈಯಲ್ಲಿ ಒತ್ತಿ ಹಿಡಿದೇ ಬರೆಯಬೇಕು. ದಿನಾಂಕ ಮುದ್ರಿಸಿದ ಡೈರಿ ಬೇಡ. ವರ್ಷದ ನಡುವೆ ಬಂದ ಡೈರಿಯಲ್ಲಿ ಅರ್ಧ ಪುಟಗಳು ಆಗಲೇ ದಂಡ.

ಫೌಂಟನ್ ಪೆನ್ನಿನ ಆಸೆಗೆ ಬೀಳಬೇಡಿ. ಈಗಾಗಲೇ ಅದರಲ್ಲಿ ಬರೆಯುವವರಿಗೆ ಮಾತ್ರ ಅದು ಉಡುಗೊರೆ, ಉಳಿದವರಿಗೆ ಡ್ರಾಯರಿನ ಸಾಮಾನು. ರೋಲರ್‌ಬಾಲ್ ಕೊಡಿ, ರೀಫಿಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಹೆಸರಿನ ಜೊತೆ ಹುದ್ದೆಯನ್ನೂ ಕೊರೆಸುವ ಫಲಕ, ‘ಬೆಸ್ಟ್ ಬಾಸ್’ ಮಗ್ಗು ಇವನ್ನೆಲ್ಲ ಪಕ್ಕಕ್ಕಿಡಿ. ಮುಂದಿನ ಬಡ್ತಿ ಬಂದ ದಿನ ಫಲಕ ಹಳತಾಗುತ್ತದೆ.

ದಾರಿಯ ಮಾತಿಗೆ ಬಂದರೆ, ಪವರ್ ಬ್ಯಾಂಕಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಪರ್ಫ್ಯೂಮಿನಲ್ಲಿ ಬೆಂಕಿ ಹತ್ತುವ ಆಲ್ಕೋಹಾಲ್. ವಿಮಾನದಲ್ಲಿ ಇಂಥವನ್ನು ಸಾಗಿಸಲು ಕಟ್ಟುನಿಟ್ಟಿನ ನಿಯಮಗಳಿರುವುದರಿಂದ ಹಲವು ಸಲ ರಸ್ತೆಯಲ್ಲೇ ಹೋಗುತ್ತವೆ. ದೂರದ ಊರಿಗೆ, ಗೊತ್ತಾದ ದಿನಕ್ಕೆ ತಲುಪಬೇಕಾದಾಗ ಇವೆರಡೂ ಬೇಡ. ಹೆಸರು ಕೊರೆಸುವ ಪೆನ್ನಿಗೂ ಇದೇ ಮಾತು: ಕೊರೆಯುವ ಕೆಲಸ ಮುಗಿದ ಮೇಲಷ್ಟೇ ಸಾಗಣೆ ಶುರುವಾಗುತ್ತದೆ. ಮಂಗಳವಾರ ಆರ್ಡರ್ ಮಾಡಿ ಸೋಮವಾರ ಬೇಕೆನ್ನುವವರು ಅದನ್ನು ಮರೆತುಬಿಡುವುದು ಲೇಸು.

4. ದಿನಾಂಕ ಓದುವುದು

ಎಡವುವುದು ಇಲ್ಲಿಂದಲೇ. ವಸ್ತುವಿನ ಪುಟದಲ್ಲಿ ಕಾಣುವ ದಿನಾಂಕ ಆ ಹೊತ್ತಿಗೆ ಆ್ಯಪಿನಲ್ಲಿರುವ ವಿಳಾಸದ್ದು, ಅಂದರೆ ನಿಮ್ಮ ಮನೆಯದ್ದು. ಮೊದಲು ಗೆಳತಿಯ ಪಿನ್ ಕೋಡ್ ಹಾಕಿ, ಆಮೇಲೆ ನೋಡಿ. ದಿನಾಂಕ ಬದಲಾಗಬಹುದು, ‘ಈ ಜಾಗಕ್ಕೆ ಡೆಲಿವರಿ ಇಲ್ಲ’ ಎಂದೂ ಬರಬಹುದು. ಕಾರ್ಟ್ ತುಂಬುವ ಮೊದಲೇ ಅದು ಗೊತ್ತಾಗಬೇಕು.

ಆಮೇಲೆ ಆ ಸಾಲಿನ ಮಾತು ಗಮನಿಸಿ. ‘2ರಿಂದ 3 ಕೆಲಸದ ದಿನಗಳಲ್ಲಿ ರವಾನೆ’ ಎಂದಿದ್ದರೆ ಅದು ಅಂಗಡಿಯಿಂದ ಹೊರಡುವ ಲೆಕ್ಕ, ಬಾಗಿಲಿಗೆ ಬರುವ ಲೆಕ್ಕವಲ್ಲ. ನಮ್ಮ ಉದಾಹರಣೆಯಲ್ಲಿ ಮಂಗಳವಾರ ರಾತ್ರಿ ಆರ್ಡರ್ ಮಾಡಿದರೆ ಎಣಿಕೆ ಶುರುವಾಗುವುದು ಬುಧವಾರ. ಮೂರನೆಯ ಕೆಲಸದ ದಿನ ಶುಕ್ರವಾರ. ಶುಕ್ರವಾರ ಸಂಜೆ ಹೊರಟ ಪಾರ್ಸೆಲ್ಲಿಗೆ ನಡುವೆ ಶನಿವಾರ, ಭಾನುವಾರದ ರಜೆ ಬಂದರೆ ಸೋಮವಾರ ತಲುಪುವುದು ಅದೃಷ್ಟದ ಮಾತು. ‘ಅಂದಾಜು’ ಎಂಬ ಪದವಿದ್ದರೆ ಅಂಗಡಿ ಮಾತು ಕೊಟ್ಟಿಲ್ಲ ಎಂದೇ ಅರ್ಥ. ಒಂದೇ ನೋಟ್‌ಬುಕ್ಕನ್ನು ಹಲವು ಮಾರಾಟಗಾರರು ಮಾರುತ್ತಿದ್ದರೆ ಒಬ್ಬೊಬ್ಬರ ದಿನಾಂಕ ಒಂದೊಂದು ಇರುತ್ತದೆ. ಬೆಲೆ ಕಡಿಮೆ ಇರುವವರು ಮೇಲೆ ಕಾಣುತ್ತಾರೆಂದು ಅವರನ್ನೇ ಒತ್ತಬೇಡಿ. ನೋಟ್‌ಬುಕ್ಕು ಒಬ್ಬರಿಂದ, ಪೆನ್ನು ಇನ್ನೊಬ್ಬರಿಂದ ಕೊಂಡರೆ ಎರಡು ಡಬ್ಬ, ಎರಡು ದಿನ. ಎರಡೂ ಒಬ್ಬರ ಹತ್ತಿರವೇ ಸಿಗಲಿ.

ದಿನ ಮತ್ತು ಹೊತ್ತನ್ನು ನಾವೇ ಆರಿಸಲು ಬಿಡುವ ಅಂಗಡಿ ಸಿಕ್ಕರೆ ಅಲ್ಲಿಯೇ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ. ಸಿಗದಿದ್ದರೆ ಗೆಳತಿಯ ಮನೆಯವರನ್ನೋ ಪಕ್ಕದ ಮನೆಯವರನ್ನೋ ಒಳಸಂಚಿಗೆ ಸೇರಿಸಿಕೊಳ್ಳಿ: ಪಾರ್ಸೆಲ್ಲು ಶುಕ್ರವಾರಕ್ಕೋ ಶನಿವಾರಕ್ಕೋ ಅವರ ಹೆಸರಿಗೆ ಬರಲಿ, ಸೋಮವಾರ ಸಂಜೆ ಅವರು ಕೈಗೆ ಕೊಡಲಿ. ತಡವಾಗುವ ಪಾರ್ಸೆಲ್ಲಿಗೆ ಎರಡು ದಿನದ ಅವಕಾಶ ಇದರಿಂದ ಸಿಗುತ್ತದೆ. ಈ ದಾರಿ ಇದ್ದರೆ ಉಳಿದದ್ದು ಯಾವುದೂ ಬೇಡ.

5. ವಿಳಾಸ, ಫೋನ್ ನಂಬರ್

ಫೋನ್ ನಂಬರಿನ ಜಾಗದಲ್ಲಿ ಆ್ಯಪು ತಾನಾಗಿಯೇ ನಿಮ್ಮ ನಂಬರ್ ತುಂಬಿರುತ್ತದೆ. ಹಾಗೇ ಬಿಟ್ಟರೆ ಡೆಲಿವರಿಯವರು ಗೆಳತಿಯ ಗೇಟಿನ ಮುಂದೆ ನಿಂತು ನಿಮಗೆ ಫೋನ್ ಮಾಡುತ್ತಾರೆ. ನೀವು ಮೀಟಿಂಗಿನಲ್ಲಿದ್ದು ಎತ್ತದಿದ್ದರೆ ‘ಗ್ರಾಹಕರು ಸಿಗಲಿಲ್ಲ’ ಎಂದು ಬರೆದು ವಾಪಸು ಒಯ್ಯುತ್ತಾರೆ. ಗೆಳತಿಯ ನಂಬರ್ ಹಾಕಿದರೆ ಉಡುಗೊರೆಯ ಸುದ್ದಿ ಮೊದಲೇ ಮೆಸೇಜಿನಲ್ಲಿ ಹೋಗಬಹುದು. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಗೆಳತಿಯ ನಂಬರನ್ನೇ ಹಾಕಿ. ಗುಟ್ಟು ಹೋದರೂ ಡಬ್ಬ ಬಂದಿರುತ್ತದಲ್ಲ! ಎರಡನೆಯ ನಂಬರಿಗೆ ಜಾಗವಿದ್ದರೆ ಅಲ್ಲಿ ನಿಮ್ಮದು.

ಒಟಿಪಿ ವಿಚಾರ ಬೇರೆ. ಅದು ಕೆಲವು ಕಡೆ ಆರ್ಡರ್ ಮಾಡಿದ ಖಾತೆಯ ನಂಬರಿಗೆ, ಅಂದರೆ ನಿಮಗೇ ಬರುತ್ತದೆ. ಅವತ್ತು ಆ ಮೆಸೇಜ್ ಕಂಡ ಕೂಡಲೇ ಗೆಳತಿಗೆ ದಾಟಿಸಬೇಕು. ಬಾಗಿಲಲ್ಲಿ ನಿಂತವರು ಐದು ನಿಮಿಷ ಕಾಯುವುದಿಲ್ಲ. ವಿಳಾಸದಲ್ಲಿ ಮನೆ ಸಂಖ್ಯೆ, ಮಹಡಿ, ಒಂದು ಗುರುತು ಬರೆಯಿರಿ. ಗುರುತೆಂದರೆ ಹಿಂದಿದ್ದ ಅಂಗಡಿಯ ಹೆಸರಲ್ಲ, ಇವತ್ತು ರಸ್ತೆಯಿಂದ ಕಣ್ಣಿಗೆ ಕಾಣುವಂಥದ್ದು. ಹಣ ಮೊದಲೇ ಕಟ್ಟಿ. ಬಂದ ಮೇಲೆ ಕೊಡುವ ಆಯ್ಕೆ ಒತ್ತಿಹೋದರೆ ತನ್ನ ಉಡುಗೊರೆಗೆ ಗೆಳತಿಯೇ ದುಡ್ಡು ತೆರಬೇಕಾಗುತ್ತದೆ. ‘ಇದು ಉಡುಗೊರೆ’ ಎಂಬ ಗುರುತನ್ನೂ ಹಾಕಿ, ಕೆಲವು ಅಂಗಡಿಗಳಲ್ಲಿ ಬಿಲ್ ಒಳಗೆ ಬರದಂತೆ ಅದು ತಡೆಯುತ್ತದೆ. ಆದರೆ ಡಬ್ಬದ ಮೇಲೆ ಕಂಪನಿಯೇ ಮುದ್ರಿಸಿದ ಬೆಲೆಯನ್ನು ಅದು ಅಳಿಸುವುದಿಲ್ಲ.

6. ಚೀಟಿಯ ಮಾತು

ಉಡುಗೊರೆಯ ಚೀಟಿಯಲ್ಲಿ ಕನ್ನಡದಲ್ಲೇ ಬರೆಯುವ ಆಸೆ ಸಹಜ. ಮುದ್ರಿಸುವ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಪರದೆಯ ಮೇಲೆ ಸರಿಯಾಗಿ ಕಂಡಿತೆಂದು ಕಾಗದದ ಮೇಲೂ ಹಾಗೇ ಬರುತ್ತದೆಂದು ನಂಬಬೇಡಿ; ಅಂಗಡಿಯ ಸಹಾಯವಾಣಿಯಲ್ಲಿ ಕೇಳಿ. ಅಕ್ಷರ ಮಿತಿಯ ಲೆಕ್ಕವೂ ನಮ್ಮದಕ್ಕಿಂತ ಬೇರೆ. ‘ಸ್ನೇಹ’ ನಮಗೆ ಎರಡಕ್ಷರ, ಕಂಪ್ಯೂಟರಿಗೆ ಐದು: ಸ, ಹಲಂತ ಚಿಹ್ನೆ, ನ, ಏತ್ವ, ಹ. ಹೀಗಾಗಿ ಮಿತಿ ಬೇಗ ಮುಗಿದು ಕೊನೆಯ ಸಾಲು, ಅಂದರೆ ನಿಮ್ಮ ಹೆಸರೇ, ಕತ್ತರಿಸಿಹೋಗುತ್ತದೆ. ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ. ಅನುಮಾನವಿದ್ದರೆ ಚೀಟಿಯಲ್ಲಿ ಹೆಸರನ್ನಷ್ಟೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಹೇಳಬೇಕಾದದ್ದನ್ನು ಫೋನಿನಲ್ಲಿ ಹೇಳಿ.

7. ಆ ದಿನ

ಬೆಳಿಗ್ಗೆ ಟ್ರ್ಯಾಕಿಂಗ್ ನೋಡಿ. ‘ಡೆಲಿವರಿಗೆ ಹೊರಟಿದೆ’ ಎಂದಿದ್ದರೆ ಸುಮ್ಮನಿರಿ. ಗೆಳತಿಯ ಊರಿನ ಕೇಂದ್ರಕ್ಕೇ ಇನ್ನೂ ಬಂದಿಲ್ಲದಿದ್ದರೆ ಅವತ್ತು ಬರುವುದು ಅನುಮಾನ. ಮಧ್ಯಾಹ್ನದವರೆಗೆ ಕಾಯದೆ ಬದಲಿ ವ್ಯವಸ್ಥೆ ಮಾಡಿ. ಅವರ ಊರಿನಲ್ಲೇ ಇರುವ ಹೂವಿನ ಅಂಗಡಿಯಿಂದ ಅದೇ ದಿನದ ಡೆಲಿವರಿಗೆ ಸಣ್ಣದೊಂದು ಗುಚ್ಛ ಹೇಳಬಹುದು. ಅದೇ ದಿನದ ಆರ್ಡರಿಗೂ ಕೊನೆಯ ಹೊತ್ತೊಂದು ಇರುತ್ತದೆ, ಬೆಳಿಗ್ಗೆಯೇ ನೋಡಲು ಹೇಳಿದ್ದು ಅದಕ್ಕೆ. ಪೆನ್ನಿನ ಆರ್ಡರನ್ನು ಸಿಟ್ಟಿನಲ್ಲಿ ರದ್ದು ಮಾಡಬೇಡಿ, ಅದು ಮಂಗಳವಾರ ಬರಲಿ. ದಾರಿಯಲ್ಲಿರುವ ಪಾರ್ಸೆಲ್ ರದ್ದಾದರೆ ಅದು ಅಂಗಡಿಗೆ ಮರಳುವ ತನಕ ಹಣ ಸಿಕ್ಕಿಹಾಕಿಕೊಳ್ಳಬಹುದು.

ಡಬ್ಬ ಮುಟ್ಟಿತು ಎಂಬ ಮೆಸೇಜ್ ಬಂದರೆ ಒಂದು ಗಂಟೆ ಬಿಟ್ಟು ಗೆಳತಿಯನ್ನೇ ಕೇಳಿ. ಮೆಸೇಜ್ ಬಂದೂ ವಸ್ತು ಪಕ್ಕದ ಮನೆಯಲ್ಲಿರುವುದುಂಟು. ಅವತ್ತೇ ಬಿಚ್ಚಿ, ಪೆನ್ನಿನಲ್ಲಿ ಎರಡು ಸಾಲು ಬರೆದು ನೋಡಲು ಹೇಳಿ. ಒಡೆದ, ಕೆಟ್ಟ ವಸ್ತುವಿನ ದೂರಿಗೆ ಇರುವ ಗಡುವು ಡೆಲಿವರಿಯಾದ ದಿನದಿಂದ ಓಡುತ್ತದೆ, ದೂರು ಕೊಡಬೇಕಾದದ್ದು ಮಾತ್ರ ಖಾತೆ ಇರುವ ನೀವು.